‘ಸುಟ್ಟಿದೆ’ ಅಂದರೆ ಸಾಲದು: ಮಿಕ್ಸರ್, ಫ್ಯಾನ್ ವಾರಂಟಿ ಷರತ್ತು ಬರೆಯುವ ಬಗೆ

ಮಿಕ್ಸರ್ ವಾರಂಟಿ ಕಾರ್ಡುಗಳಲ್ಲಿ ಒಂದು ಸಾಲು ಹೆಚ್ಚುಕಡಿಮೆ ಇದ್ದೇ ಇರುತ್ತದೆ. ‘ತಪ್ಪು ಬಳಕೆಯಿಂದ ಮೋಟಾರ್ ಸುಟ್ಟರೆ ವಾರಂಟಿ ಇಲ್ಲ.’ ಓದಿದರೆ ನ್ಯಾಯವಾಗಿಯೇ ಕಾಣುತ್ತದೆ. ಆದರೆ ಸುಟ್ಟ ವಾಸನೆ ಬರುವ ಮಿಕ್ಸರ್ ಹಿಡಿದು ಗ್ರಾಹಕರು ಕೌಂಟರ್ ಮುಂದೆ ನಿಂತಾಗ ಈ ಸಾಲಿನಿಂದ ಏನೂ ಉಪಯೋಗ ಇಲ್ಲ. ತಪ್ಪು ಬಳಕೆ ಆಗಿದೆ ಅಂತ ಅಂಗಡಿಯವರು, ಆಗಿಲ್ಲ ಅಂತ ಗ್ರಾಹಕರು. ಇಬ್ಬರೂ ಆ ಹೊತ್ತಿನಲ್ಲಿ ಅಡುಗೆಮನೆಯಲ್ಲಿ ನಿಂತು ನೋಡಿದವರಲ್ಲ, ಅಥವಾ ಒಬ್ಬರು ನೋಡಿದ್ದಾರೆ, ಅವರ ಮಾತನ್ನು ಇನ್ನೊಬ್ಬರು ನಂಬುವುದಿಲ್ಲ.

ನಾನು ಕೆಲವು ವರ್ಷ ಸರ್ವಿಸ್ ಕೌಂಟರ್‌ನಲ್ಲಿ ಕೂತವನು. ಈಗ ಸಣ್ಣ ಮಾರಾಟಗಾರರಿಗೆ ವಾರಂಟಿ ಮತ್ತು ಸರ್ವಿಸ್ ಷರತ್ತು ಬರೆದುಕೊಡುತ್ತೇನೆ. ಆ ಅನುಭವದಲ್ಲಿ ಕಲಿತದ್ದು ಒಂದೇ. ಷರತ್ತನ್ನು ‘ಯಾಕೆ ಕೆಟ್ಟಿತು’ ಅಂತ ಬರೆಯಬಾರದು. ‘ಬಿಚ್ಚಿದಾಗ ಏನು ಕಾಣುತ್ತದೆ’ ಅಂತ ಬರೆಯಬೇಕು. ಕಾರಣ ಯಾರಿಗೂ ಕಾಣುವುದಿಲ್ಲ, ಗುರುತು ಇಬ್ಬರಿಗೂ ಕಾಣುತ್ತದೆ.

ಇದು ಅರ್ಥ ಆಗಬೇಕಾದರೆ ಒಂದು ಮಿಕ್ಸರ್ ಬಿಚ್ಚಿ ನೋಡೋಣ.

ನಾನು ಕೆಲಸ ಮಾಡುತ್ತಿದ್ದ ಕಡೆ ಒಮ್ಮೆ ಬಂದಿತ್ತು. ಕೊಂಡು 14 ತಿಂಗಳಾಗಿತ್ತು. ಕಾರ್ಡಿನಲ್ಲಿ ‘ಮಿಕ್ಸರ್‌ಗೆ 1 ವರ್ಷ, ಮೋಟಾರ್‌ಗೆ 2 ವರ್ಷ’ ಅಂತ ಇತ್ತು. ಅದನ್ನು ತಂದ ಹೆಂಗಸು ಹೇಳಿದ್ದಿಷ್ಟು: ‘ಎರಡು ದಿನದಿಂದ ಒಳಗೆ ಕಿಡಿ ಕಾಣ್ತಿತ್ತು, ಇವತ್ತು ವಾಸನೆ ಬಂದು ನಿಂತುಹೋಯ್ತು. ಜಾರ್ ತುಂಬ ಏನೂ ಹಾಕಿರಲಿಲ್ಲ.’ ಕೌಂಟರ್ ಹುಡುಗ ಮೂಸಿ ನೋಡಿದ, ‘ಸುಟ್ಟಿದೆ ಮೇಡಂ, ಓವರ್‌ಲೋಡ್, ವಾರಂಟಿ ಬರಲ್ಲ’ ಅಂದುಬಿಟ್ಟ. ಅವನ ತಪ್ಪಲ್ಲ. ಅವನ ಕೈಯಲ್ಲಿದ್ದ ಕಾರ್ಡ್ ಅವನಿಗೆ ಅಷ್ಟೇ ಹೇಳಿಕೊಟ್ಟಿತ್ತು.

ತಳದ ಸ್ಕ್ರೂ ಬಿಚ್ಚಿ ನೋಡಿದಾಗ ಕಥೆಯೇ ಬೇರೆ. ಮಿಕ್ಸರ್ ಮೋಟಾರ್‌ನಲ್ಲಿ ತಿರುಗುವ ಭಾಗ ಆರ್ಮೇಚರ್. ಅದರ ಒಂದು ತುದಿಯಲ್ಲಿ ತಾಮ್ರದ ಸಣ್ಣ ಸಣ್ಣ ಪಟ್ಟಿ ಜೋಡಿಸಿದ ಉಂಗುರದಂತಹ ಭಾಗ ಇರುತ್ತದೆ, ಅದು ಕಮ್ಯುಟೇಟರ್. ಎರಡು ಕಾರ್ಬನ್ ಬ್ರಷ್‌ಗಳು ಅದಕ್ಕೆ ಉಜ್ಜಿಕೊಂಡು ಕರೆಂಟ್ ಕೊಡುತ್ತವೆ. ಸುತ್ತ ಅಲುಗಾಡದೆ ಕೂತಿರುವುದು ಫೀಲ್ಡ್ ಕಾಯಿಲ್. ಈ ಮಿಕ್ಸರ್‌ನಲ್ಲಿ ಆರ್ಮೇಚರ್ ತಂತಿಯ ವಾರ್ನಿಷ್ ಇನ್ನೂ ಜೇನಿನ ಬಣ್ಣದಲ್ಲೇ ಇತ್ತು. ಫೀಲ್ಡ್ ಕಾಯಿಲ್ ಎರಡೂ ಚೊಕ್ಕವಾಗಿದ್ದವು. ಆದರೆ ಕಮ್ಯುಟೇಟರ್‌ನಲ್ಲಿ ಅಕ್ಕಪಕ್ಕದ ಎರಡು ಪಟ್ಟಿ ಮಾತ್ರ ಕರಿ ಹಿಡಿದು ಅಂಚು ತಿಂದುಹೋಗಿತ್ತು. ಉಳಿದ ಪಟ್ಟಿಗಳು ತಾಮ್ರದ ಬಣ್ಣದಲ್ಲೇ ಇದ್ದವು.

ಈ ಗುರುತಿಗೆ ಅರ್ಥ ಇದೆ. ಜಾಸ್ತಿ ಹೊತ್ತು ಓಡಿಸಿದರೆ, ಅಥವಾ ಜಾರ್ ತುಂಬಿ ಒತ್ತಿ ಓಡಿಸಿದರೆ, ಕರೆಂಟ್ ಎಲ್ಲ ತಂತಿಗಳಲ್ಲೂ ಜಾಸ್ತಿ ಹರಿಯುತ್ತದೆ. ಹಾಗಾಗಿ ಬಿಸಿಯೂ ಎಲ್ಲ ಕಡೆ, ಆರ್ಮೇಚರ್ ಸುತ್ತಲೂ ಒಂದೇ ಸಮ ಕಪ್ಪಾಗುತ್ತದೆ. ಎರಡೇ ಪಟ್ಟಿ ಸುಟ್ಟಿದೆ ಅಂದರೆ ಆ ಪಟ್ಟಿಗಳಿಗೆ ಸೇರಿದ ಒಂದು ಸುತ್ತಿನ ತಂತಿ ಒಳಗೆ ಕಡಿದಿದೆ, ಅಥವಾ ಬೆಸುಗೆ ಬಿಟ್ಟಿದೆ. ಬ್ರಷ್ ಆ ಜಾಗ ದಾಟುವಾಗೆಲ್ಲ ಕಿಡಿ. ಆ ಹೆಂಗಸು ಹೇಳಿದ ‘ಎರಡು ದಿನದಿಂದ ಕಿಡಿ’ ಇದೇ. ಇದು ಬಳಸಿದವರ ತಪ್ಪಲ್ಲ, ಹೆಚ್ಚಾಗಿ ತಯಾರಿಕೆಯ ದೋಷ. ಹಾಗೆಯೇ ಫೀಲ್ಡ್ ಕಾಯಿಲ್‌ಗಳಲ್ಲಿ ಒಂದು ಮಾತ್ರ ಕಪ್ಪಾಗಿ ಇನ್ನೊಂದು ಚೆನ್ನಾಗಿದ್ದರೆ, ಆ ಕಾಯಿಲ್ ಒಳಗೇ ಸುತ್ತಿಗೆ ಸುತ್ತು ತಾಗಿ ಶಾರ್ಟ್ ಆಗಿರುವುದೇ ಜಾಸ್ತಿ.

ಇನ್ನೂ ಒಂದು ನೋಡಬೇಕು. ಇದನ್ನು ಬಹಳ ಜನ ಮರೆಯುತ್ತಾರೆ. ಮಿಕ್ಸರ್ ತಳದಲ್ಲಿ ಕೆಂಪು ಬಟನ್ ಇರುತ್ತಲ್ಲ, ಅದು ಓವರ್‌ಲೋಡ್ ಸ್ವಿಚ್. ಮೋಟಾರ್ ಅತಿಯಾಗಿ ಕರೆಂಟ್ ಎಳೆದರೆ ಅದು ಕಡಿದುಕೊಳ್ಳಬೇಕು. ಗ್ರಾಹಕರು ಕೇಳಬಹುದಾದ ಅತಿ ಚುರುಕಾದ ಪ್ರಶ್ನೆ ಇದು: ‘ನಾನು ಓವರ್‌ಲೋಡ್ ಮಾಡಿದೆ ಅಂತೀರಿ, ಹಾಗಾದರೆ ಆ ಸ್ವಿಚ್ ಯಾಕೆ ಬೀಳಲಿಲ್ಲ?’ ಇದಕ್ಕೆ ಉತ್ತರ ಮೂರರಲ್ಲಿ ಒಂದು ಇರಬೇಕು. ಬಿದ್ದಿತ್ತು, ಆದರೆ ಮೋಟಾರ್ ತಣ್ಣಗಾಗಲು ಬಿಡದೆ ಮತ್ತೆ ಮತ್ತೆ ಒತ್ತಿ ಓಡಿಸಿದ್ದಾರೆ. ಇಲ್ಲವೇ ಯಾರೋ ಹೊರಗಿನ ಮೆಕ್ಯಾನಿಕ್ ಅದನ್ನು ತಂತಿಯಿಂದ ಜೋಡಿಸಿ ನೇರ ಮಾಡಿದ್ದಾನೆ, ಇದು ಬಿಚ್ಚಿದ ಕೂಡಲೇ ಕಾಣುತ್ತದೆ. ಇಲ್ಲವೇ ಸ್ವಿಚ್ಚೇ ಕೆಟ್ಟು ಅಂಟಿಕೊಂಡಿದೆ. ಮೂರನೆಯದಾದರೆ ಮೋಟಾರ್ ಎಷ್ಟೇ ಕಪ್ಪಾಗಿರಲಿ, ಅದು ನಿಮ್ಮ ಹೊಣೆ. ನೀವು ಕೊಟ್ಟ ಕಾವಲುಗಾರ ಮಲಗಿದ್ದ, ಅಷ್ಟೇ.

ಇಷ್ಟು ಗೊತ್ತಾದ ಮೇಲೆ ಷರತ್ತು ಬರೆಯುವುದು ಸುಲಭ. ನಾನು ಈಗ ಬರೆಯುವ ರೀತಿ ಇದು:

> ಆರ್ಮೇಚರ್ ಸುತ್ತಲೂ ಒಂದೇ ಸಮ ಕಪ್ಪಾಗಿದ್ದು, ಓವರ್‌ಲೋಡ್ ಸ್ವಿಚ್ ಪರೀಕ್ಷೆಯಲ್ಲಿ ಸರಿಯಾಗಿ ಕಡಿದುಕೊಂಡರೆ, ಅಥವಾ ಆ ಸ್ವಿಚ್ಚನ್ನು ತಂತಿಯಿಂದ ನೇರ ಮಾಡಿದ್ದು ಕಂಡರೆ, ಅದನ್ನು ಅತಿಭಾರದಿಂದ ಸುಟ್ಟ ಮೋಟಾರ್ ಎಂದು ಎಣಿಸುತ್ತೇವೆ. ಇದಕ್ಕೆ ವಾರಂಟಿ ಇಲ್ಲ. ಕಮ್ಯುಟೇಟರ್‌ನ ಕೆಲವೇ ಪಟ್ಟಿ ಸುಟ್ಟಿದ್ದರೆ, ಒಂದು ಫೀಲ್ಡ್ ಕಾಯಿಲ್ ಮಾತ್ರ ಕಪ್ಪಾಗಿದ್ದರೆ, ಅಥವಾ ಓವರ್‌ಲೋಡ್ ಸ್ವಿಚ್ ಕೆಟ್ಟಿದ್ದರೆ ವಾರಂಟಿ ಇದೆ. ಗುರುತು ಸ್ಪಷ್ಟವಿಲ್ಲದಿದ್ದರೆ ವಾರಂಟಿ ಇದೆ ಎಂದೇ ಎಣಿಸುತ್ತೇವೆ. ವಾರಂಟಿ ಇಲ್ಲ ಎನ್ನುವ ಮೊದಲು ಬಿಚ್ಚಿದ ಮೋಟಾರನ್ನು ಅಥವಾ ಅದರ ಫೋಟೋವನ್ನು ನಿಮಗೆ ತೋರಿಸುತ್ತೇವೆ.

‘ಗುರುತು ಸ್ಪಷ್ಟವಿಲ್ಲದಿದ್ದರೆ’ ಅನ್ನುವ ಸಾಲು ನೋಡಿ ಅಂಗಡಿ ಮಾಲೀಕರು ಬೆಚ್ಚುತ್ತಾರೆ. ಯಾಕೆ ಬಿಟ್ಟುಕೊಡಬೇಕು ಅಂತ. ನಿಜ ಹೇಳಬೇಕೆಂದರೆ ಅದನ್ನು ಬರೆಯದಿದ್ದರೂ ಗತಿ ಅದೇ. ಎರಡು ಅರ್ಥ ಬರುವ ಷರತ್ತನ್ನು ಅದನ್ನು ಬರೆದವರ ವಿರುದ್ಧವೇ ಓದುವುದು ಕಾನೂನಿನಲ್ಲಿ ಹಳೆಯ ರೂಢಿ. ಕಾಗದದಲ್ಲಿ ನೀವೇ ಹೇಳಿಬಿಟ್ಟರೆ ಕೌಂಟರ್‌ನಲ್ಲಿ ಅರ್ಧ ಗಂಟೆ ಕೂಗಾಟ ಉಳಿಯುತ್ತದೆ. ಇನ್ನು ಒಂದೇ ಸಮ ಕಪ್ಪಾದ ಮೋಟಾರ್‌ಗಳ ವಿಷಯದಲ್ಲಿ ಗಟ್ಟಿಯಾಗಿ ಇಲ್ಲ ಅನ್ನಲು ನಿಮಗೆ ಧೈರ್ಯವೂ ಬರುತ್ತದೆ.

ಒಂದು ಮಾತು. ಅತಿಭಾರ ಅನ್ನಬೇಕಾದರೆ ಎಷ್ಟು ಭಾರ ಸರಿ ಅಂತ ಮೊದಲೇ ಹೇಳಿರಬೇಕು. ಮಿಕ್ಸರ್ ತಳದ ಪ್ಲೇಟ್ ಮೇಲೆ 5 ನಿಮಿಷ ಓಡಿಸಿ 2 ನಿಮಿಷ ಬಿಡಿ ಅನ್ನುವಂಥ ಸೂಚನೆ ಇರುತ್ತದೆ. ತಳದಲ್ಲಿರುವುದನ್ನು ಯಾರು ಮಗುಚಿ ಓದುತ್ತಾರೆ? ಅದೇ ಸಾಲನ್ನು ಕಾರ್ಡಿನ ಮೊದಲ ಪುಟಕ್ಕೆ ತನ್ನಿ. ಜಾರ್ ಎಲ್ಲಿಯವರೆಗೆ ತುಂಬಬಹುದು ಅನ್ನುವುದನ್ನೂ ಅಲ್ಲೇ ಹಾಕಿ.

ಈಗ ಆ 14 ತಿಂಗಳ ಮಿಕ್ಸರ್‌ಗೆ ವಾಪಸ್ ಬರೋಣ, ಯಾಕೆಂದರೆ ಜಗಳ ಅಲ್ಲಿಗೆ ಮುಗಿಯಲಿಲ್ಲ. ಆರ್ಮೇಚರ್ ಬದಲಿಸಿಕೊಡುತ್ತೇವೆ ಅಂದೆವು. ಬಿಲ್ಲಿನಲ್ಲಿ ಕೂಲಿ ಮತ್ತು ಹೊಸ ಕಾರ್ಬನ್ ಬ್ರಷ್ ಅಂತ ಹಾಕಿದೆವು. ‘ಮೋಟಾರ್‌ಗೆ 2 ವರ್ಷ ಅಂತ ನೀವೇ ಬರೆದಿದ್ದೀರಲ್ಲ, ಮತ್ತೆ ದುಡ್ಡು ಯಾಕೆ?’ ಅಂದರು. ಅವರು ಕೇಳಿದ್ದು ಸರಿಯೇ. ಮೋಟಾರ್ ಅಂದರೆ ಯಾವ ಯಾವ ಭಾಗ ಅಂತ ಕಾರ್ಡಿನಲ್ಲಿ ಎಲ್ಲೂ ಇರಲಿಲ್ಲ. ಬ್ರಷ್ ಮೋಟಾರ್ ಒಳಗೇ ಇದೆ, ಹಾಗಾದರೆ ಮೋಟಾರೇ ಅಲ್ವಾ? ಎರಡು ವರ್ಷದ ಭರವಸೆಯಲ್ಲಿ ಕೂಲಿ ಸೇರಿದೆಯೋ ಇಲ್ಲವೋ ಅಂತಲೂ ಇರಲಿಲ್ಲ. ದೊಡ್ಡ ಅಕ್ಷರದಲ್ಲಿ ‘2 ವರ್ಷ’ ಅಂತ ಪೆಟ್ಟಿಗೆ ಮೇಲೆ ಹಾಕುವವರು, ಅದರ ಹೊಟ್ಟೆಯೊಳಗೆ ಏನಿದೆ ಅಂತ ಬರೆಯುವುದೇ ಇಲ್ಲ.

ಅದಕ್ಕೆ ಮೊದಲು ಹೆಸರು ಬಿಡಿಸಿ ಹೇಳಬೇಕು:

> ಮೋಟಾರ್ ಎಂದರೆ ಆರ್ಮೇಚರ್, ಫೀಲ್ಡ್ ಕಾಯಿಲ್, ಬೇರಿಂಗ್ ಮತ್ತು ಓವರ್‌ಲೋಡ್ ಸ್ವಿಚ್. ಇವುಗಳಿಗೆ ಬಿಲ್ಲಿನ ದಿನದಿಂದ 24 ತಿಂಗಳ ವಾರಂಟಿ. ಮೊದಲ 12 ತಿಂಗಳು ಬಿಡಿಭಾಗ, ಕೂಲಿ ಎರಡೂ ಉಚಿತ. ನಂತರದ 12 ತಿಂಗಳು ಬಿಡಿಭಾಗ ಉಚಿತ, ಕೂಲಿ ಕಾರ್ಡಿನ ಹಿಂಬದಿಯ ದರಪಟ್ಟಿಯಂತೆ.

ಸವೆಯುವ ಭಾಗಗಳನ್ನೂ ಹೆಸರು ಹಿಡಿದು ಬರೆಯಿರಿ. ಕಾರ್ಬನ್ ಬ್ರಷ್, ಕಪ್ಲರ್, ಜಾರಿನ ಬುಷ್, ಮುಚ್ಚಳದ ರಬ್ಬರ್. ಇವು ಸವೆಯಲೆಂದೇ ಇರುವ ಭಾಗಗಳು. ಕಪ್ಲರ್ ಅಂತೂ ಮುರಿಯುವುದರಲ್ಲೇ ಅದರ ಕೆಲಸ ಇದೆ. ಜಾರಿನೊಳಗೆ ಏನಾದರೂ ಸಿಕ್ಕಿ ಬ್ಲೇಡ್ ನಿಂತರೆ, ಮೋಟಾರ್ ಹಾಳಾಗುವ ಬದಲು ಆ ಅಗ್ಗದ ತುಂಡು ಹಲ್ಲು ಕಳೆದುಕೊಳ್ಳುತ್ತದೆ. ಆದರೆ ‘ಸವೆಯುವ ಭಾಗಗಳಿಗೆ ವಾರಂಟಿ ಇಲ್ಲ’ ಅಂತ ಒಂದೇ ಏಟಿಗೆ ಹೊಡೆದುಹಾಕಬೇಡಿ. ಹತ್ತನೇ ದಿನಕ್ಕೆ ಕಪ್ಲರ್ ಪುಡಿಯಾದರೆ ಅದು ಸವೆತವಲ್ಲ, ಕೆಟ್ಟ ಮಾಲು. ಇವುಗಳಿಗೆ 90 ದಿನ ಕೊಡಿ, ಆಮೇಲೆ ದುಡ್ಡು ತೆಗೆದುಕೊಳ್ಳಿ. ಆರ್ಮೇಚರ್ ದೋಷದಿಂದಲೇ ಬ್ರಷ್ ಸುಟ್ಟಿದ್ದರೆ ಬ್ರಷ್ ಕೂಡ ಉಚಿತ ಅಂತಲೂ ಒಂದು ಸಾಲು ಸೇರಿಸಿ. ಆ ಹೆಂಗಸಿನ ಹತ್ತಿರ ನಾವು ಬ್ರಷ್‌ಗೆ ದುಡ್ಡು ಕೇಳಿದ್ದು ತಪ್ಪೇ ಆಗಿತ್ತು. ಆರ್ಮೇಚರ್ ಕಾರಿದ ಕಿಡಿಯೇ ಆ ಬ್ರಷ್ ತಿಂದಿತ್ತು.

ನೀರಿನ ಷರತ್ತಿನಲ್ಲೂ ಇದೇ ಬಲೆ ಇದೆ. ‘ನೀರು ಹೋಗಿ ಕೆಟ್ಟರೆ ವಾರಂಟಿ ಇಲ್ಲ’ ಅಂತ ಎಲ್ಲರೂ ಬರೆಯುತ್ತಾರೆ. ನೀರು ಎಲ್ಲಿಂದ ಹೋಯಿತು? ಕೆಲವರು ಮಿಕ್ಸರ್ ಬುಡವನ್ನೇ ನಲ್ಲಿ ಕೆಳಗೆ ಹಿಡಿದು ತೊಳೆಯುತ್ತಾರೆ, ಅದು ಬೇರೆ. ಆದರೆ ಜಾರಿನ ಬುಷ್ ಅಥವಾ ಅದರ ಸೀಲ್ ಬಿಟ್ಟರೆ ರುಬ್ಬುವಾಗಲೇ ಜಾರಿನಿಂದ ನೀರು ತೊಟ್ಟಿಕ್ಕಿ ನೇರವಾಗಿ ಕಪ್ಲರ್ ಪಕ್ಕದಿಂದ ಮೋಟಾರ್‌ಗೆ ಇಳಿಯುತ್ತದೆ. ಮೇಲಿನ ಬೇರಿಂಗ್ ತುಕ್ಕು ಹಿಡಿದು ಕಿರುಗುಟ್ಟುತ್ತದೆ. ನೀವು ‘ನೀರು ಹೋಗಿದೆ’ ಅಂತ ಷರತ್ತು ತೋರಿಸುತ್ತೀರಿ. ಆ ನೀರು ನಿಮ್ಮದೇ ಜಾರಿನ ದೋಷದಿಂದ ಬಂದದ್ದು! ಪತ್ತೆ ಹಚ್ಚುವುದು ಕಷ್ಟವೇನಲ್ಲ. ಅದೇ ಜಾರಿಗೆ ಅರ್ಧ ನೀರು ತುಂಬಿ ಒಣ ಕಾಗದದ ಮೇಲೆ ಹತ್ತು ನಿಮಿಷ ಇಟ್ಟು ನೋಡಿ. ಕಾಗದ ಒದ್ದೆಯಾದರೆ ಉತ್ತರ ಸಿಕ್ಕಿತು. ಒದ್ದೆಯಾಗದಿದ್ದರೆ ಬ್ಲೇಡನ್ನು ಕೈಯಿಂದ ಸ್ವಲ್ಪ ಅಲ್ಲಾಡಿಸಿ ನೋಡಿ. ಸವೆದ ಬುಷ್‌ನಲ್ಲಿ ಶಾಫ್ಟ್ ಅತ್ತಿತ್ತ ಆಡುತ್ತದೆ, ತಿರುಗುವಾಗ ಸೋರುವುದು ಅದೇ. ಹಾಗಾಗಿ ಷರತ್ತಿನಲ್ಲಿ ಎರಡು ವಿಷಯ ಇರಲಿ: ರಿಪೇರಿಗೆ ಬರುವಾಗ ಎಲ್ಲ ಜಾರುಗಳನ್ನೂ ತನ್ನಿ. ಜಾರ್ ಸೋರುತ್ತಿದ್ದು ಅದು ಇನ್ನೂ ವಾರಂಟಿಯಲ್ಲಿದ್ದರೆ, ಅದರಿಂದ ಮೋಟಾರ್‌ಗೆ ಆದ ಹಾನಿಯೂ ವಾರಂಟಿಯಲ್ಲಿ ಸೇರುತ್ತದೆ.

ಫ್ಯಾನ್ ವಿಷಯ ಸ್ವಲ್ಪ ಬೇರೆ. ಮಿಕ್ಸರನ್ನು ಚೀಲದಲ್ಲಿ ಹಾಕಿಕೊಂಡು ಬರಬಹುದು, ಸೀಲಿಂಗ್ ಫ್ಯಾನನ್ನು ಹಾಗೆ ತರಲು ಆಗುವುದಿಲ್ಲ. ‘ಸರ್ವಿಸ್ ಸೆಂಟರ್‌ಗೆ ತಂದುಕೊಡಬೇಕು’ ಅಂತ ಮಿಕ್ಸರ್ ಕಾರ್ಡಿನ ಸಾಲನ್ನೇ ಫ್ಯಾನಿಗೂ ಅಂಟಿಸಿದರೆ, ಗ್ರಾಹಕರು ಏಣಿ ಹಾಕಿ, ಇಲ್ಲವೇ ಇಲೆಕ್ಟ್ರಿಷಿಯನ್‌ಗೆ ದುಡ್ಡು ಕೊಟ್ಟು ಇಳಿಸಬೇಕು, ರಿಪೇರಿ ಆದ ಮೇಲೆ ಇನ್ನೊಮ್ಮೆ ದುಡ್ಡು ಕೊಟ್ಟು ಹಾಕಿಸಬೇಕು. ಅವರ ಲೆಕ್ಕದಲ್ಲಿ ಅದು ಉಚಿತ ರಿಪೇರಿಯೇ ಅಲ್ಲ. ಮನೆಗೆ ಬರುತ್ತೀರಾ, ಎಷ್ಟು ದೂರದವರೆಗೆ, ಇಳಿಸಿ ಮತ್ತೆ ಹಾಕುವ ಕೂಲಿ ಯಾರದ್ದು, ಇಷ್ಟನ್ನು ಸೀಲಿಂಗ್ ಫ್ಯಾನಿಗೆ ಬೇರೆಯಾಗಿಯೇ ಬರೆಯಬೇಕು. ಮನೆಗೆ ಹೋಗಿ ನೋಡಿದಾಗ ಫ್ಯಾನ್ ಸರಿಯಿದ್ದು ಗೋಡೆಯ ರೆಗ್ಯುಲೇಟರ್ ಕೆಟ್ಟಿದ್ದರೆ? ಹೋಗಿ ಬಂದ ಖರ್ಚನ್ನು ಗ್ರಾಹಕರು ಕೊಡಬೇಕು ಅಂತಾದರೆ ಅದನ್ನು ಫೋನಿನಲ್ಲಿ ದೂರು ಬರೆದುಕೊಳ್ಳುವಾಗಲೇ ಹೇಳಬೇಕು, ಕಾರ್ಡಿನಲ್ಲಿದ್ದರೆ ಸಾಲದು.

ಬಹಳಷ್ಟು ದೂರುಗಳು ಫೋನಿನಲ್ಲೇ ಅರ್ಧ ಗೊತ್ತಾಗುತ್ತವೆ. ಮಾಮೂಲಿ ಸೀಲಿಂಗ್ ಫ್ಯಾನ್ ನಿಧಾನಕ್ಕೆ ತಿರುಗುತ್ತಿದೆ, ಅಥವಾ ಕೈಯಿಂದ ತಳ್ಳಿದರೆ ಮಾತ್ರ ಹೊರಡುತ್ತದೆ ಅಂದರೆ ಮೊದಲ ಅನುಮಾನ ಕೆಪಾಸಿಟರ್ ಮೇಲೆ. ಸಾಮಾನ್ಯವಾಗಿ ಅದರ ಮೇಲೆ 2.5 ಮೈಕ್ರೋಫ್ಯಾರಡ್ ಅಂತ ಇರುತ್ತದೆ, ವರ್ಷ ಕಳೆದಂತೆ ಆ ಅಳತೆ ಇಳಿಯುತ್ತದೆ, ಫ್ಯಾನಿನ ಜೋರೂ ಇಳಿಯುತ್ತದೆ. ಮೀಟರ್ ಹಿಡಿದರೆ ಎರಡು ನಿಮಿಷದ ಕೆಲಸ. ಇದನ್ನು ‘ವಿದ್ಯುತ್ ಏರುಪೇರಿನಿಂದ ಆದ ಹಾನಿ’ ಅನ್ನುವ ಹೊದಿಕೆಯೊಳಗೆ ತುರುಕಬೇಡಿ.

ಆ ವಿದ್ಯುತ್ ಏರುಪೇರು ಅನ್ನುವ ಮಾತೇ ದೊಡ್ಡ ಚೀಲ. ಏನನ್ನು ಬೇಕಾದರೂ ಅದರಲ್ಲಿ ಹಾಕಬಹುದು. ಬಿಎಲ್‌ಡಿಸಿ ಫ್ಯಾನ್‌ಗಳಲ್ಲಿ ಒಳಗೆ ಸರ್ಕ್ಯೂಟ್ ಬೋರ್ಡ್ ಇರುವುದರಿಂದ ಈ ನೆಪ ಇನ್ನೂ ಜಾಸ್ತಿ. ಎಷ್ಟು ವೋಲ್ಟ್‌ನಿಂದ ಎಷ್ಟು ವೋಲ್ಟ್‌ವರೆಗೆ ಓಡುತ್ತದೆ ಅಂತ ತಯಾರಕರು ಹೇಳಿರುತ್ತಾರೆ. ಆ ಎರಡು ಅಂಕಿ ಕಾರ್ಡಿನಲ್ಲಿ ಇಲ್ಲದಿದ್ದರೆ ಏರುಪೇರು ಅನ್ನುವುದಕ್ಕೆ ಅರ್ಥವೇ ಇಲ್ಲ. ಗುರುತೂ ಇರಬೇಕು. ಬೋರ್ಡಿಗೆ ಕರೆಂಟ್ ಬರುವ ಜಾಗದಲ್ಲಿ ವೇರಿಸ್ಟರ್ ಅಂತ ಬಿಲ್ಲೆಯಂಥ ಒಂದು ಭಾಗ ಹಲವು ಬೋರ್ಡುಗಳಲ್ಲಿ ಇರುತ್ತದೆ. ಅತಿ ವೋಲ್ಟೇಜ್ ನುಗ್ಗಿದರೆ ಅದು ಒಡೆದು ಕಪ್ಪಾಗುತ್ತದೆ. ಅದು ಒಡೆದಿದ್ದರೆ ಹೊರಗಿನಿಂದ ಏಟು ಬಿದ್ದಿದೆ ಅನ್ನಬಹುದು. ಅದು ಚೆನ್ನಾಗಿದ್ದು ಬೋರ್ಡಿನ ಇನ್ನೊಂದು ಮೂಲೆಯಲ್ಲಿ ಏನೋ ಸತ್ತಿದ್ದರೆ, ಕರೆಂಟಿನ ಮೇಲೆ ತಪ್ಪು ಹೊರಿಸಲು ನಿಮ್ಮ ಹತ್ತಿರ ಆಧಾರ ಇಲ್ಲ.

ಫ್ಯಾನ್ ಅಲ್ಲಾಡುತ್ತದೆ ಅನ್ನುವ ದೂರಿಗೆ ಒಂದೇ ಪ್ರಶ್ನೆ ಸಾಕು, ರೆಕ್ಕೆಗಳು ಅದೇ ಪೆಟ್ಟಿಗೆಯವೇ? ರೆಕ್ಕೆಗಳನ್ನು ತೂಕ ಹೊಂದಿಸಿ ಒಂದು ಜೊತೆಯಾಗಿ ಹಾಕಿರುತ್ತಾರೆ. ಒಂದೇ ದಿನ ಮೂರು ಫ್ಯಾನ್ ಹಾಕುವ ಇಲೆಕ್ಟ್ರಿಷಿಯನ್ ರೆಕ್ಕೆಗಳನ್ನು ನೆಲದ ಮೇಲೆ ಒಟ್ಟಿಗೆ ಹರಡಿದರೆ ಕಲಸಿಹೋಗುತ್ತವೆ. ಹಾಕಿದವರು ನಿಮ್ಮ ಅಂಗಡಿ ಕಳಿಸಿದವರೇ ಆದರೆ ಸರಿಮಾಡುವುದು ನಿಮ್ಮ ಕೆಲಸ.

ಇನ್ನು ದಿನದ ಲೆಕ್ಕ. ಇಲ್ಲಿ ಮಾರಾಟಗಾರರು ತಮಗೇ ಗೊತ್ತಿಲ್ಲದೆ ಕೈ ಸುಟ್ಟುಕೊಳ್ಳುತ್ತಾರೆ. ಗ್ರಾಹಕರಿಗೆ ವಾರಂಟಿ ಶುರುವಾಗುವುದು ಬಿಲ್ಲಿನ ದಿನದಿಂದ. ಆದರೆ ತಯಾರಕರು ನಿಮಗೆ ಕೊಟ್ಟ ಕಾಗದ ಬಿಚ್ಚಿ ಓದಿ. ‘ಮಾರಿದ ದಿನದಿಂದ 24 ತಿಂಗಳು, ಅಥವಾ ತಯಾರಾದ ದಿನದಿಂದ 30 ತಿಂಗಳು, ಯಾವುದು ಮೊದಲೋ ಅದು’ ಅನ್ನುವಂಥ ಸಾಲು ಅಲ್ಲಿ ಇರಬಹುದು. ಇದ್ದರೆ ಲೆಕ್ಕ ಹೀಗಾಗುತ್ತದೆ. ಫ್ಯಾನ್ ತಯಾರಾಗಿ ನಿಮ್ಮ ಗೋಡೌನ್‌ಗೆ ಬರಲು 3 ತಿಂಗಳು, ಅಲ್ಲಿ ಕೂತಿದ್ದು 7 ತಿಂಗಳು. ಮಾರುವ ಹೊತ್ತಿಗೆ 10 ತಿಂಗಳು ಹೋಯಿತು. ತಯಾರಕರ ಕಡೆ ಉಳಿದದ್ದು 20 ತಿಂಗಳು. ನೀವು ಗ್ರಾಹಕರಿಗೆ ಬರೆದುಕೊಟ್ಟದ್ದು 24. ಕೊನೆಯ 4 ತಿಂಗಳಲ್ಲಿ ಏನೇ ಕೆಟ್ಟರೂ ಖರ್ಚು ನಿಮ್ಮ ಜೇಬಿನಿಂದ. ಇದನ್ನು ಗ್ರಾಹಕರ ಮೇಲೆ ಹಾಕಲು ಹೋಗಬೇಡಿ, ‘ತಯಾರಾದ ದಿನದಿಂದ’ ಅಂತ ಅವರ ಕಾರ್ಡಿನಲ್ಲಿ ಬರೆದರೆ ಅವರು ಕೊಂಡ ದಿನವೇ ವಾರಂಟಿ ಅರ್ಧ ತೀರಿರುತ್ತದೆ. ಹಳೆಯ ಸ್ಟಾಕ್ ಮೊದಲು ಮಾರಿ, ಅಥವಾ ತಯಾರಕರ ಹತ್ತಿರ ಆ ಸಾಲು ಬದಲಾಯಿಸಿಕೊಳ್ಳಿ.

ಪೈಪೋಟಿಯಲ್ಲಿ ‘ನಮ್ಮ ಅಂಗಡಿಯಿಂದ ಇನ್ನೊಂದು ವರ್ಷ’ ಅಂತ ಸೇರಿಸುವವರೂ ಇದ್ದಾರೆ. ತಪ್ಪೇನಿಲ್ಲ. ಆದರೆ ಆ ವರ್ಷ ಪೂರ್ತಿ ನಿಮ್ಮದು, ತಯಾರಕರು ಅದರಲ್ಲಿ ಇಲ್ಲ. ಯಾವ ಅವಧಿಗೆ ಯಾರು ಹೊಣೆ, ಯಾರಿಗೆ ಫೋನ್ ಮಾಡಬೇಕು ಅಂತ ಎರಡು ಸಾಲಿನಲ್ಲಿ ಬೇರೆ ಬೇರೆ ಬರೆಯಿರಿ.

ರಿಪೇರಿಯಲ್ಲಿ ಕಳೆದ ದಿನಗಳನ್ನು ಏನು ಮಾಡುವುದು? 12 ತಿಂಗಳ ವಾರಂಟಿಯಲ್ಲಿ 18 ದಿನ ಮಿಕ್ಸರ್ ನಿಮ್ಮ ಹತ್ತಿರವೇ ಇದ್ದರೆ ಆ 18 ದಿನವನ್ನು ಕೊನೆಗೆ ಸೇರಿಸಿಕೊಡುವುದು ನ್ಯಾಯ. ಬದಲಿಸಿದ ಭಾಗಕ್ಕೂ ಅವಧಿ ಬೇಕು. ನಾನು ಬರೆಯುವುದು ಹೀಗೆ: ‘ಮೂಲ ವಾರಂಟಿಯಲ್ಲಿ ಉಳಿದ ಅವಧಿ ಅಥವಾ 3 ತಿಂಗಳು, ಯಾವುದು ಜಾಸ್ತಿಯೋ ಅದು’. 24 ತಿಂಗಳ ಮೋಟಾರ್ ವಾರಂಟಿ, 22 ತಿಂಗಳು ತುಂಬಿದಾಗ ಆರ್ಮೇಚರ್ ಬದಲಾಯಿತು ಅಂದುಕೊಳ್ಳಿ. ಉಳಿದದ್ದು 2 ತಿಂಗಳು, 3 ಜಾಸ್ತಿ, ಹಾಗಾಗಿ ಆ ಆರ್ಮೇಚರ್‌ಗೆ 25 ತಿಂಗಳವರೆಗೆ ಹೊಣೆ. ಮಿಕ್ಸರ್‌ನ ಉಳಿದ ಮೋಟಾರ್ ಭಾಗಗಳಿಗೆ 24ಕ್ಕೇ ಮುಗಿಯಿತು. ಈ ಉದಾಹರಣೆಯನ್ನೇ ಕಾರ್ಡಿನಲ್ಲಿ ಹಾಕಿದರೂ ತಪ್ಪಿಲ್ಲ. ಓದಿದವರಿಗೆ ಒಂದೇ ಸಲಕ್ಕೆ ತಿಳಿಯುತ್ತದೆ.

ಬಿಲ್ಲಿನ ಬಗ್ಗೆಯೂ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ‘ಮೂಲ ಬಿಲ್ ತಂದರೆ ಮಾತ್ರ’ ಅಂತ ಬರೆಯುವ ಅಂಗಡಿಯೇ ಬಿಸಿಗೆ ಅಚ್ಚಾಗುವ ಥರ್ಮಲ್ ಕಾಗದದಲ್ಲಿ ಬಿಲ್ ಕೊಡುತ್ತದೆ. ಅಡುಗೆಮನೆಯ ಡ್ರಾಯರ್‌ನಲ್ಲಿ ವರ್ಷ ಇಟ್ಟರೆ ಅದು ಬಿಳಿ ಹಾಳೆ. ಮಾರುವಾಗಲೇ ಸೀರಿಯಲ್ ನಂಬರ್, ದಿನ, ಗ್ರಾಹಕರ ಮೊಬೈಲ್ ನಂಬರ್ ನಿಮ್ಮ ಪುಸ್ತಕದಲ್ಲೋ ಕಂಪ್ಯೂಟರ್‌ನಲ್ಲೋ ಬರೆದುಕೊಳ್ಳಿ. ಷರತ್ತಿನಲ್ಲಿ ‘ಬಿಲ್, ಅದರ ಫೋಟೋ, ಅಥವಾ ನಮ್ಮ ದಾಖಲೆಯಲ್ಲಿರುವ ಸೀರಿಯಲ್ ನಂಬರ್’ ಅಂತ ಹಾಕಿ. ಮನೆಗೋ ಹೋಟೆಲಿಗೋ ಅನ್ನುವುದನ್ನೂ ಆಗಲೇ ಕೇಳಿ ಬಿಲ್ ಮೇಲೆ ಬರೆಯಿರಿ. ‘ಮನೆ ಬಳಕೆಗೆ ಮಾತ್ರ’ ಅಂತ ಆಮೇಲೆ ವಾದ ಮಾಡುವುದಕ್ಕಿಂತ ಮಾರುವಾಗ ಒಂದು ಪ್ರಶ್ನೆ ಕೇಳುವುದು ಸುಲಭ.

‘ಆದಷ್ಟು ಬೇಗ ರಿಪೇರಿ ಮಾಡಿಕೊಡುತ್ತೇವೆ’ ಅನ್ನುವುದು ಷರತ್ತಲ್ಲ, ಸುಮ್ನೆ ಮಾತು. ಎಷ್ಟು ದಿನ, ಯಾವತ್ತಿನಿಂದ ಎಣಿಕೆ, ತಪ್ಪಿದರೆ ಏನು, ಈ ಮೂರೂ ಬೇಕು. ‘ನಮ್ಮ ಕೈಗೆ ಕೊಟ್ಟ ದಿನದಿಂದ 10 ಕೆಲಸದ ದಿನ, ಬಿಡಿಭಾಗ ಸಿಗದೆ 30 ದಿನ ದಾಟಿದರೆ ಅದೇ ಮಾದರಿಯ ಹೊಸದು ಅಥವಾ ಹಣ ವಾಪಸ್’ ಅಂತ ಬರೆದರೆ ಅದು ಷರತ್ತು. ಈ ಅಂಕಿಗಳನ್ನು ನನ್ನಿಂದ ತೆಗೆದುಕೊಳ್ಳಬೇಡಿ. ನಿಮ್ಮ ಕಳೆದ ವರ್ಷದ ಜಾಬ್ ಕಾರ್ಡ್‌ಗಳನ್ನು ತೆಗೆದು, ಬಂದ ದಿನ ಮತ್ತು ಹೋದ ದಿನ ನೋಡಿ, ಹತ್ತರಲ್ಲಿ ಒಂಬತ್ತು ಎಷ್ಟು ದಿನದೊಳಗೆ ಮುಗಿದಿವೆಯೋ ಆ ಅಂಕಿ ಹಾಕಿ. ತಿಂಗಳು ಹಿಡಿಯುವ ಕಡೆ ಮೂರು ದಿನ ಅಂತ ಬರೆದುಕೊಂಡವರು ಮೊದಲ ವಾರವೇ ಸಿಕ್ಕಿಬೀಳುತ್ತಾರೆ.

ಇನ್ನು ‘ಒಂದೇ ದೋಷ ಮೂರು ಸಲ ಬಂದರೆ ಬದಲಿಸಿಕೊಡುತ್ತೇವೆ’ ಅನ್ನುವ ಸಾಲು. ಕೇಳಲು ಉದಾರವಾಗಿದೆ, ಆದರೆ ಒಂದೇ ದೋಷ ಅಂದರೆ ಏನು? ಫ್ಯಾನ್ ತಿರುಗುತ್ತಿಲ್ಲ ಅಂತ ಬಂತು, ಕೆಪಾಸಿಟರ್ ಬದಲಿಸಿದಿರಿ. ತಿಂಗಳಿಗೆ ಮತ್ತೆ ತಿರುಗುತ್ತಿಲ್ಲ, ಬೇರಿಂಗ್ ಬದಲಿಸಿದಿರಿ. ಮತ್ತೆ ತಿರುಗುತ್ತಿಲ್ಲ, ಈ ಸಲ ವೈಂಡಿಂಗ್. ನಿಮ್ಮ ಲೆಕ್ಕದಲ್ಲಿ ಮೂರು ಬೇರೆ ಬೇರೆ ದೋಷ, ಹಾಗಾಗಿ ಬದಲಿ ಇಲ್ಲ. ಸೆಕೆಯಲ್ಲಿ ಮೂರು ಸಲ ಕೂತವರ ಲೆಕ್ಕದಲ್ಲಿ ಒಂದೇ ದೋಷ, ಫ್ಯಾನ್ ತಿರುಗುತ್ತಿಲ್ಲ. ನನಗೆ ಅವರ ಲೆಕ್ಕವೇ ಸರಿ ಅನಿಸುತ್ತದೆ. ಭಾಗದ ಹೆಸರಿನಿಂದ ಎಣಿಸಬೇಡಿ, ಗ್ರಾಹಕರು ಹೇಳಿದ ದೂರಿನಿಂದ ಎಣಿಸಿ. ‘ಆರು ತಿಂಗಳೊಳಗೆ ಅದೇ ದೂರು ಮೂರನೇ ಸಲ ಬಂದರೆ’ ಅಂತ ಬರೆಯಿರಿ, ಸವೆಯುವ ಭಾಗಗಳನ್ನು ಇದರಿಂದ ಬಿಡಿ.

‘ಹೊರಗಿನವರು ಬಿಚ್ಚಿದರೆ ವಾರಂಟಿ ಪೂರ್ತಿ ರದ್ದು’ ಅನ್ನುವುದನ್ನು ನಾನು ಬರೆಯುವುದಿಲ್ಲ. ಬೀದಿಯ ಮೆಕ್ಯಾನಿಕ್ ವೈರ್ ಮತ್ತು ಪ್ಲಗ್ ಬದಲಿಸಿದ, ಆರ್ಮೇಚರ್ ಬೆಸುಗೆ ಬಿಟ್ಟಿತು. ಎರಡಕ್ಕೂ ಸಂಬಂಧ ಏನು? ಅವನು ಕೈ ಹಾಕಿದ ಭಾಗಕ್ಕೆ, ಅದರಿಂದ ಆದ ಹಾನಿಗೆ ವಾರಂಟಿ ಇಲ್ಲ ಅಂದರೆ ಸಾಕು. ಗ್ರಾಹಕರಿಗೆ ಕಾನೂನು ಕೊಟ್ಟಿರುವ ಹಕ್ಕನ್ನು ನಿಮ್ಮ ಕಾರ್ಡ್ ಕಿತ್ತುಕೊಳ್ಳಲು ಆಗುವುದಿಲ್ಲ ಅನ್ನುವುದೂ ನೆನಪಿರಲಿ. ‘ಯಾವ ಕಾರಣಕ್ಕೂ ಹಣ ವಾಪಸ್ ಇಲ್ಲ’ ಅಂತ ದಪ್ಪಕ್ಷರದಲ್ಲಿ ಅಚ್ಚು ಹಾಕಿದರೂ, ಮೊದಲೇ ಕೆಟ್ಟ ಮಾಲು ಕೊಟ್ಟಿದ್ದರೆ ಆ ದಪ್ಪಕ್ಷರ ನಿಮ್ಮನ್ನು ಕಾಯುವುದಿಲ್ಲ.

ಕೊನೆಗೆ, ಕಾರ್ಡ್ ಎಷ್ಟು ಚೆನ್ನಾಗಿದ್ದರೂ ಜಾಬ್ ಕಾರ್ಡ್ ಖಾಲಿ ಇದ್ದರೆ ಪ್ರಯೋಜನ ಇಲ್ಲ. ಮೇಲೆ ಹೇಳಿದ ಗುರುತುಗಳನ್ನು ಬರೆದುಕೊಳ್ಳಲು ಅದರಲ್ಲಿ ಜಾಗ ಇರಬೇಕು. ಸೀರಿಯಲ್ ನಂಬರ್, ಬಂದ ದಿನ, ಗ್ರಾಹಕರ ಮಾತಿನಲ್ಲೇ ದೂರು, ಜೊತೆಗೆ ಎಷ್ಟು ಜಾರ್ ಎಷ್ಟು ಮುಚ್ಚಳ ಕೊಟ್ಟರು ಅನ್ನುವುದು ಕೌಂಟರ್‌ನಲ್ಲಿ. ಆರ್ಮೇಚರ್ ಬಣ್ಣ, ಕಮ್ಯುಟೇಟರ್ ಪಟ್ಟಿ, ಓವರ್‌ಲೋಡ್ ಸ್ವಿಚ್, ಜಾರ್ ಸೋರಿಕೆ, ಈ ನಾಲ್ಕಕ್ಕೆ ಒಳಗಿನ ಮೆಕ್ಯಾನಿಕ್ ಟಿಕ್ ಹಾಕಬೇಕು. ತೆಗೆದ ಹಳೆಯ ಭಾಗವನ್ನು ಒಂದು ಪ್ಲಾಸ್ಟಿಕ್ ಕವರ್‌ಗೆ ಹಾಕಿ, ಜಾಬ್ ನಂಬರ್ ಬರೆದು, ಗ್ರಾಹಕರು ಬಂದು ನೋಡುವವರೆಗೆ ಇಟ್ಟಿರಿ. ಆಮೇಲೆ ಬೇಕಾದರೆ ತಯಾರಕರಿಗೆ ವಾಪಸ್ ಕಳಿಸಿ, ಅವರೂ ಅದನ್ನೇ ಕೇಳುತ್ತಾರೆ. ಆ ಹೆಂಗಸು ಕೂಡ ಎರಡು ಪಟ್ಟಿ ಕಪ್ಪಾದ ಆ ಆರ್ಮೇಚರನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ‘ಇಷ್ಟೇನಾ?’ ಅಂದರು. ಬ್ರಷ್ ಹಣ ಬಿಟ್ಟೆವು, ಕೂಲಿ ಅವರು ಕೊಟ್ಟರು.